ಅಧಿಸೂಚನೆಯ ಕೊನೆಯ ದಿನಾಂಕ: ವಯಸ್ಸು, ಪದವಿ, ಪ್ರಮಾಣಪತ್ರ ಎಲ್ಲಕ್ಕೂ ಅದೇ ಲೆಕ್ಕ

ಯಾವುದೇ ನೇಮಕಾತಿ ಅಧಿಸೂಚನೆ ಹೊರಬಿದ್ದರೆ ಸಂಜೆಯೊಳಗೆ ಅದರ ಒಂದು ಪುಟದ ಸಾರಾಂಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಹುದ್ದೆ ಎಷ್ಟು, ಸಂಬಳ ಎಷ್ಟು, ವಯಸ್ಸು ಎಷ್ಟು, ಕೊನೆ ದಿನ ಯಾವಾಗ ಅನ್ನೋ ನಾಲ್ಕು ಸಾಲು. ಹೆಚ್ಚಿನವರು ಅದನ್ನು ನೋಡಿಕೊಂಡೇ ಸೈಬರ್ ಸೆಂಟರ್‌ಗೆ ಹೋಗುತ್ತಾರೆ. ಆ ನಾಲ್ಕು ಸಾಲಿನಲ್ಲಿ ಸುಳ್ಳು ಇರುವುದಿಲ್ಲ. ಆದರೆ ಆ ಸಾಲುಗಳು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಅನ್ನೋದು ಅಲ್ಲಿ ಕಾಣಿಸುವುದಿಲ್ಲ. ದಾಖಲೆ ಪರಿಶೀಲನೆಯ ದಿನ ಅಭ್ಯರ್ಥಿ ಹೊರಗೆ ಬೀಳುವುದು ಸಾಮಾನ್ಯವಾಗಿ ಆ ಗಂಟಿನಲ್ಲೇ.

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ವಯಸ್ಸಿನ ಅಂಚಿನಲ್ಲಿ ನಿಂತು ಅರ್ಜಿ ಹಾಕುವವರು ಜಾಸ್ತಿ. ಕಾರಣ ಎಲ್ಲರಿಗೂ ಗೊತ್ತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ಅಧಿಸೂಚನೆ ಹೊರಡಿಸುವುದು ಬೇಡ ಅಂತ 2024ರ ಅಕ್ಟೋಬರ್ 28ರಂದು ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ಆ ಜಾತಿಗಳನ್ನು ಮೂರು ಗುಂಪು ಮಾಡಿ ಶೇ 6, 6, 5ರಂತೆ ಮೀಸಲಾತಿ ಹಂಚಲು ಸಂಪುಟ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ದಿನ ನೇಮಕಾತಿ ನಿಂತಿತ್ತು, ವಯಸ್ಸು ನಿಲ್ಲಲಿಲ್ಲ. ಹಾಗಾಗಿ ಒಂದು ತಿಂಗಳು, ಒಂದು ವಾರದ ವ್ಯತ್ಯಾಸವೂ ಈಗ ಲೆಕ್ಕಕ್ಕೆ ಬರುತ್ತಿದೆ.

ಇಡೀ ಅಧಿಸೂಚನೆಯಲ್ಲಿ ಮೊದಲು ಹುಡುಕಬೇಕಾದ್ದು ಒಂದೇ ಒಂದು ವಾಕ್ಯ. ಕೆಪಿಎಸ್‌ಸಿ ಅಧಿಸೂಚನೆಗಳಲ್ಲಿ ಅದು ‘ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕಕ್ಕೆ’ ಅಂತ ಶುರುವಾಗುತ್ತದೆ. ಈ ಮಾತು ಒಂದೇ ಕಡೆ ಬರುವುದಿಲ್ಲ. ವಯೋಮಿತಿಯ ಕೆಳಗೆ ಬರುತ್ತದೆ, ವಿದ್ಯಾರ್ಹತೆಯ ಕೆಳಗೆ ಬರುತ್ತದೆ, ಮೀಸಲಾತಿ ಪ್ರಮಾಣಪತ್ರಗಳ ಕೆಳಗೆ ಮತ್ತೆ ಬರುತ್ತದೆ. ಅಂದರೆ ಆ ದಿನ ಅರ್ಜಿಯ ಬಾಗಿಲು ಮುಚ್ಚುವ ದಿನ ಮಾತ್ರ ಅಲ್ಲ. ನೀವು ಆ ದಿನ ಎಷ್ಟು ವರ್ಷದವರು, ಆ ದಿನಕ್ಕೆ ಪಾಸಾಗಿದ್ದೀರಾ, ಆ ದಿನ ನಿಮ್ಮ ಪ್ರಮಾಣಪತ್ರ ಚಾಲ್ತಿಯಲ್ಲಿತ್ತಾ ಅನ್ನೋ ಮೂರೂ ಪ್ರಶ್ನೆಗೆ ಅದೇ ದಿನ ಉತ್ತರ ಕೊಡಬೇಕು. ನೀವು ಅರ್ಜಿ ಹಾಕಿದ ದಿನದ ಲೆಕ್ಕ ಅಲ್ಲ, ಪರೀಕ್ಷೆ ಬರೆದ ದಿನದ್ದೂ ಅಲ್ಲ, ದಾಖಲೆ ತೋರಿಸಲು ಕರೆದ ದಿನದ್ದಂತೂ ಅಲ್ಲವೇ ಅಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಹೆಸರು, ದಿನಾಂಕ ಎಲ್ಲ ಉದಾಹರಣೆಗೆ ಮಾತ್ರ.

ಗುಡಿಬಂಡೆ ತಾಲ್ಲೂಕಿನ ಒಂದು ಹಳ್ಳಿಯ ಮಂಜುಳಾ ಅಂತ ಇಟ್ಟುಕೊಳ್ಳೋಣ. ಪ್ರವರ್ಗ 2ಎ. ಬಿ.ಎ. ಪಾಸಾಗಿದ್ದಾರೆ. ಗ್ರೂಪ್ ‘ಸಿ’ ಹುದ್ದೆಯೊಂದಕ್ಕೆ ಜೂನ್ 5ರಿಂದ ಜುಲೈ 10ರವರೆಗೆ ಅರ್ಜಿ ಕರೆದಿದ್ದಾರೆ. ಅಧಿಸೂಚನೆಯಲ್ಲಿ ಗರಿಷ್ಠ ವಯಸ್ಸು ಸಾಮಾನ್ಯ ಅರ್ಹತೆಗೆ 38, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 41, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ಕ್ಕೆ 43 ಅಂತ ಹಾಕಿದ್ದಾರೆ. ಜುಲೈ 10ಕ್ಕೆ ಮಂಜುಳಾಗೆ 39 ವರ್ಷ 10 ತಿಂಗಳು ತುಂಬಿರುತ್ತದೆ. 41ರ ಒಳಗೇ ಇದ್ದಾರೆ. ಜೂನ್ 8ಕ್ಕೇ ಅರ್ಜಿ ಹಾಕಿದರು. ತಮ್ಮ ಹತ್ತಿರ ಇದ್ದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಟ್ಟರು, ಪೋರ್ಟಲ್ ಅದನ್ನು ತೆಗೆದುಕೊಂಡಿತು, ಶುಲ್ಕವೂ ಹೋಯಿತು. ಎಲ್ಲ ಸರಿಯಾಗಿದೆ ಅಲ್ವಾ?

ಈಗ ಆ ಪ್ರಮಾಣಪತ್ರದ ತಾರೀಖು ನೋಡೋಣ. ಐದು ವರ್ಷದ ಹಿಂದೆ ಜೂನ್ 20ರಂದು ತಹಶೀಲ್ದಾರರು ಕೊಟ್ಟದ್ದು. 2ಎ, 2ಬಿ, 3ಎ, 3ಬಿಗೆ ಕೊಡುವ ಈ ಪ್ರಮಾಣಪತ್ರ, ಅಂದರೆ ನಮೂನೆ-ಎಫ್, ಐದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ಜಾತಿಯ ಜೊತೆ ಆದಾಯದ ಮಾತೂ ಇದೆ. ಕುಟುಂಬ ಮೇಲುಸ್ತರಕ್ಕೆ ಸೇರಿಲ್ಲ ಅಂತ ತಹಶೀಲ್ದಾರರು ಹೇಳುತ್ತಿದ್ದಾರೆ. ಜಾತಿ ಬದಲಾಗದಿದ್ದರೂ ಆದಾಯ ಬದಲಾಗುತ್ತದೆ, ಅದಕ್ಕೇ ಅವಧಿ. ಮಂಜುಳಾ ಅರ್ಜಿ ಹಾಕಿದ ಜೂನ್ 8ಕ್ಕೆ ಅದು ಚಾಲ್ತಿಯಲ್ಲಿತ್ತು. ಜುಲೈ 10ಕ್ಕೆ ಇರಲಿಲ್ಲ. ನಮ್ಮ ಉದಾಹರಣೆಯ ಅಧಿಸೂಚನೆಯಲ್ಲಿ ‘ಕೊನೆಯ ದಿನಾಂಕದಂದು ಚಾಲ್ತಿಯಲ್ಲಿರತಕ್ಕದ್ದು’ ಅಂತ ಬರೆದಿದೆ. ಪೋರ್ಟಲ್ ಆರ್‌ಡಿ ನಂಬರ್ ಒಪ್ಪಿಕೊಂಡಿತು ಅನ್ನೋದು ಇಲ್ಲಿ ಏನೂ ಸಹಾಯಕ್ಕೆ ಬರುವುದಿಲ್ಲ. ಅದು ನಂಬರ್ ಅಸಲಿಯಾ ಅಂತ ನೋಡುತ್ತದೆ. ಅರ್ಹತೆ ತೀರ್ಮಾನ ಆಗುವುದು ದಾಖಲೆ ಪರಿಶೀಲನೆಯ ಮೇಜಿನ ಮೇಲೆ.

ಪರಿಶೀಲನೆಯಲ್ಲಿ ಪ್ರಮಾಣಪತ್ರ ಬಿದ್ದುಹೋದರೆ ಏನಾಗುತ್ತದೆ ಅಂತ ಕೇಳಿದರೆ ಹೆಚ್ಚಿನವರು ‘ಮೀಸಲಾತಿ ಹೋಗುತ್ತೆ, ಜನರಲ್‌ನಲ್ಲಿ ನೋಡ್ತಾರೆ’ ಅನ್ನುತ್ತಾರೆ. ಇಪ್ಪತ್ತೇಳು ವರ್ಷದವರಿಗೆ ಆ ಮಾತು ಸರಿ. ಮಂಜುಳಾಗೆ ಸರಿಯಲ್ಲ. 2ಎ ಅನ್ನೋದು ಬಿದ್ದ ಕೂಡಲೇ ಅವರು ಸಾಮಾನ್ಯ ಅರ್ಹತೆಯ ಅಭ್ಯರ್ಥಿ ಆಗುತ್ತಾರೆ. ಸಾಮಾನ್ಯ ಅರ್ಹತೆಯ ಗರಿಷ್ಠ ವಯಸ್ಸು 38. ಅವರಿಗೆ ಸುಮಾರು 40. ಅಲ್ಲಿಗೆ ಅವರು ಆ ಪಟ್ಟಿಯಲ್ಲೂ ಇಲ್ಲ. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಪ್ರಯೋಜನವಿಲ್ಲ. ಪ್ರಮಾಣಪತ್ರ ಅವರಿಗೆ ಮೀಸಲಾತಿಯನ್ನಷ್ಟೇ ಕೊಟ್ಟಿರಲಿಲ್ಲ, ಅರ್ಜಿ ಹಾಕುವ ಅರ್ಹತೆಯನ್ನೇ ಕೊಟ್ಟಿತ್ತು. ಜೊತೆಗೆ ಶುಲ್ಕವನ್ನೂ ಅವರು 2ಎ ದರದಲ್ಲೇ ಕಟ್ಟಿದ್ದಾರೆ. ಕೆಪಿಎಸ್‌ಸಿಯ ಹಲವು ಅಧಿಸೂಚನೆಗಳಲ್ಲಿ ಸಾಮಾನ್ಯ ಅರ್ಹತೆಗೆ 600 ರೂಪಾಯಿ ಇದ್ದರೆ 2ಎಯಿಂದ 3ಬಿವರೆಗಿನವರಿಗೆ 300 ಇರುತ್ತದೆ.

ಹಾಗಾಗಿ ಸಾಮಾನ್ಯ ಅರ್ಹತೆಯ ವಯಸ್ಸು ದಾಟಿದವರಿಗೆ ಪ್ರಮಾಣಪತ್ರದ ತಾರೀಖು ಜೀವ ಇದ್ದ ಹಾಗೆ. ನಿಮ್ಮ ವಯಸ್ಸು ಆ ಮಿತಿಯ ಒಳಗಿದೆಯಾ, ಆಚೆಗಿದೆಯಾ ಅಂತ ಮೊದಲು ನೋಡಿಕೊಳ್ಳಿ. ಆಚೆಗಿದ್ದರೆ ಉಳಿದೆಲ್ಲ ದಾಖಲೆಗಿಂತ ಮೊದಲು ಈ ಒಂದು ಕಾಗದ ಸರಿ ಮಾಡಿಕೊಳ್ಳಬೇಕು.

ಹಾಗಾದರೆ ಮಂಜುಳಾ ಏನು ಮಾಡಬೇಕಿತ್ತು? ಅಧಿಸೂಚನೆ ಬಂದ ದಿನವೇ ಹಳೆಯ ಪ್ರಮಾಣಪತ್ರ ತೆಗೆದು ಅದಕ್ಕೆ ಐದು ವರ್ಷ ಕೂಡಿಸಿ, ಜುಲೈ 10ರ ಪಕ್ಕದಲ್ಲಿ ಇಟ್ಟು ನೋಡಬೇಕಿತ್ತು. ಮುಗಿದುಹೋಗುತ್ತದೆ ಅಂತ ಗೊತ್ತಾದ ಕೂಡಲೇ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಕೊಟ್ಟು, ಅದು ಕೈಗೆ ಬಂದ ಮೇಲೆ ಹೊಸ ಆರ್‌ಡಿ ನಂಬರ್ ಹಾಕಿ ನೇಮಕಾತಿ ಅರ್ಜಿ ಸಲ್ಲಿಸಬೇಕಿತ್ತು. ಮೂವತ್ತೈದು ದಿನ ಇತ್ತು, ಸಮಯ ಸಾಕಾಗುತ್ತಿತ್ತು. ಬೇಗ ಹಾಕಿಬಿಡೋಣ ಅನ್ನೋ ಆತುರದಲ್ಲಿ ಜೂನ್ 8ಕ್ಕೇ ಹಾಕಿದ್ದೇ ಇಲ್ಲಿ ಪೆಟ್ಟು ಕೊಟ್ಟಿತು.

ಇದರ ಉಲ್ಟಾ ತಪ್ಪೂ ಅಷ್ಟೇ ಸಾಮಾನ್ಯ. ಅರ್ಜಿ ಹಾಕುವಾಗ ಪ್ರಮಾಣಪತ್ರ ಇರುವುದಿಲ್ಲ. ‘ವೆರಿಫಿಕೇಷನ್‌ಗೆ ಕರೆದಾಗ ಮಾಡಿಸಿದ್ರಾಯ್ತು’ ಅಂತ ಯಾರೋ ಹೇಳಿರುತ್ತಾರೆ. ಆಮೇಲೆ ಮಾಡಿಸಿದ್ದರ ಮೇಲೆ ಆಗಸ್ಟ್‌ನ ತಾರೀಖು ಇರುತ್ತದೆ. ಕೊನೆಯ ದಿನಾಂಕದೊಳಗೆ ಪಡೆದು ಇಟ್ಟುಕೊಂಡಿರಬೇಕು, ನಂತರ ಪಡೆದದ್ದನ್ನು ಪರಿಗಣಿಸುವುದಿಲ್ಲ ಅಂತ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಂದರೆ ಪ್ರಮಾಣಪತ್ರದ ತಾರೀಖು ಕೊನೆಯ ದಿನಾಂಕಕ್ಕಿಂತ ಐದು ವರ್ಷಕ್ಕೂ ಹಿಂದಿನದಾಗಿರಬಾರದು, ಕೊನೆಯ ದಿನಾಂಕದ ಆಚೆಗೂ ಹೋಗಬಾರದು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸಕಾಲ ಸ್ವೀಕೃತಿಯಲ್ಲಿ ಯಾವ ದಿನದೊಳಗೆ ಕೊಡಬೇಕು ಅಂತ ಇರುತ್ತದೆ. ಆ ದಿನ ಜುಲೈ 10ಕ್ಕಿಂತ ಮೊದಲೇ ಬರುತ್ತದಾ ಅಂತ ಅಲ್ಲೇ ನೋಡಿ. ಗ್ರಾಮ ಆಡಳಿತಾಧಿಕಾರಿ ವರದಿ, ಕಂದಾಯ ನಿರೀಕ್ಷಕರ ಮೇಜು ದಾಟಿ ಬರಬೇಕು. ನಡುವೆ ರಜೆ ಬಂದರೆ ಇನ್ನೂ ತಡ. ಸ್ವೀಕೃತಿ ಚೀಟಿಯನ್ನೇ ಪ್ರಮಾಣಪತ್ರದ ಬದಲು ತೋರಿಸುತ್ತೇನೆ ಅಂದರೆ ಯಾರೂ ಒಪ್ಪುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರ ನಮೂನೆ-ಡಿಗೆ, ಪ್ರವರ್ಗ-1ರ ನಮೂನೆ-ಇಗೆ ಈ ಐದು ವರ್ಷದ ಕಾಟ ಇಲ್ಲ. ಪ್ರವರ್ಗ-1ಕ್ಕೆ ಮೇಲುಸ್ತರದ ನಿಯಮವೂ ಇಲ್ಲ. ಆದರೂ ಒಂದು ಸಲ ತೆಗೆದು ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೊಂದುತ್ತದಾ ನೋಡುವುದು ಒಳ್ಳೆಯದು.

ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕಿದೆ. ನಮೂನೆ-ಎಫ್‌ನಲ್ಲಿ ತೋರಿಸುವ ಆದಾಯ ತಂದೆ-ತಾಯಿಯದೋ, ಗಂಡನದೋ? 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಇದೇ ಪ್ರಶ್ನೆ ಹೈಕೋರ್ಟ್ ತನಕ ಹೋಗಿ ಆಯ್ಕೆ ಪಟ್ಟಿಯೇ ಸಿಕ್ಕಿಹಾಕಿಕೊಂಡಿತ್ತು. ಅದಾದ ಮೇಲೆ ಬಂದ ಅಧಿಸೂಚನೆಯಲ್ಲಿ ವಿವಾಹಿತ ಮಹಿಳೆಯರ ಬಗ್ಗೆ ಏನಾದರೂ ಬರೆದಿದ್ದರೆ ಆ ಪ್ಯಾರಾವನ್ನು ಬಿಡದೆ ಓದಿ, ಅದೇ ರೀತಿ ಪ್ರಮಾಣಪತ್ರ ಮಾಡಿಸಬೇಕು. ಅಕ್ಕನ ಕೇಸಿನಲ್ಲಿ ನಡೆಯಿತು ಅಂತ ತಂಗಿಯೂ ಹಾಗೇ ಮಾಡುವುದು ಇಲ್ಲಿ ಅಪಾಯ.

ವಯಸ್ಸಿನ ಲೆಕ್ಕ

38, 41, 43 ಅನ್ನೋ ಅಂಕಿ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಮುಂದಿನ ಅಧಿಸೂಚನೆ ಓದುವಾಗ ಗೊಂದಲ ಇರುವುದಿಲ್ಲ. ರಾಜ್ಯದ ಹೆಚ್ಚಿನ ಹುದ್ದೆಗಳಿಗೆ ಮೂಲ ಮಿತಿ ಇರುವುದು 1977ರ ಕರ್ನಾಟಕ ನಾಗರಿಕ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳಲ್ಲಿ. ಅದರ ಪ್ರಕಾರ 35, 38, 40. ಅದರ ಮೇಲೆ ಸರ್ಕಾರ ಆಗಾಗ ಒಂದು ಬಾರಿಯ ಸಡಿಲಿಕೆ ಕೊಡುತ್ತದೆ. 2024ರ ಸೆಪ್ಟೆಂಬರ್‌ನ ಆದೇಶದಲ್ಲಿ ಎಲ್ಲ ವರ್ಗಕ್ಕೂ ಮೂರು ವರ್ಷ ಕೂಡಿಸಿದ್ದರು, ಅದರಿಂದ 38, 41, 43 ಆಯಿತು. ಇಂಥ ಆದೇಶ ಅಭ್ಯರ್ಥಿಗೆ ಅಂಟಿಕೊಂಡು ಬರುವುದಿಲ್ಲ. ಯಾವ ಅವಧಿಯಲ್ಲಿ ಹೊರಡಿಸಿದ ಅಧಿಸೂಚನೆಗಳಿಗೆ ಅನ್ವಯ ಅಂತ ಆದೇಶದಲ್ಲೇ ಇರುತ್ತದೆ. ಕಳೆದ ಸಲ ಹಾಕಿದ್ದೆ, ಈ ಸಲವೂ ನಡೆಯುತ್ತೆ ಅಂದುಕೊಳ್ಳುವ ಹಾಗಿಲ್ಲ. ನಿಮ್ಮ ಕೈಯಲ್ಲಿರುವ ಅಧಿಸೂಚನೆಯ ವಯೋಮಿತಿ ಪ್ಯಾರಾದಲ್ಲಿ ಆ ಆದೇಶದ ಸಂಖ್ಯೆ, ದಿನಾಂಕ ಇದೆಯಾ ನೋಡಿ. ಇದ್ದರೆ ಸಡಿಲಿಕೆ ಇದೆ. ಸುಮ್ನೆ 35, 38, 40 ಅಂತ ಮಾತ್ರ ಇದ್ದರೆ ಅಷ್ಟೇ.

ಪೊಲೀಸ್ ತರಹದ ಹುದ್ದೆಗಳಿಗೆ ಅವುಗಳದ್ದೇ ನೇಮಕಾತಿ ನಿಯಮ ಇದೆ, ಅಲ್ಲಿನ ಮಿತಿ ಇದಕ್ಕಿಂತ ತುಂಬಾ ಕಡಿಮೆ. ಗುಮಾಸ್ತ ಹುದ್ದೆಯ ಅಂಕಿಯನ್ನು ಅಲ್ಲಿಗೆ ತೆಗೆದುಕೊಂಡು ಹೋಗಬಾರದು.

ವಯಸ್ಸು ಎಣಿಸುವಾಗ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. 41 ಅಂತ ಇದ್ದರೆ 41 ವರ್ಷ 5 ತಿಂಗಳು ಆದವರೂ ‘ಇನ್ನೂ 42 ಆಗಿಲ್ವಲ್ಲ’ ಅಂತ ಹಾಕುತ್ತಾರೆ. ಮಿತಿ ಮೀರಿರಬಾರದು ಅಂದರೆ 41 ತುಂಬಿ ಒಂದು ದಿನ ಹೆಚ್ಚಾದರೂ ಮೀರಿದ ಹಾಗೇ. ಜನ್ಮದಿನಾಂಕಕ್ಕೆ ಆಧಾರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಆಧಾರ್‌ನಲ್ಲಿ ಬೇರೆ ತಾರೀಖು ಇದ್ದರೆ ಅದು ನಿಮ್ಮ ಪರವಾಗಿ ಕೆಲಸ ಮಾಡುವುದಿಲ್ಲ.

ಮಹಿಳೆ ಅಂದ ಮಾತ್ರಕ್ಕೆ, ಗ್ರಾಮೀಣ ಅಂದ ಮಾತ್ರಕ್ಕೆ ವಯಸ್ಸಿನಲ್ಲಿ ಸಡಿಲಿಕೆ ಸಿಗುವುದಿಲ್ಲ ಅನ್ನೋದನ್ನೂ ಹೇಳಲೇಬೇಕು. ಅವು ಹುದ್ದೆಯಲ್ಲಿ ಪಾಲು ಕೊಡುತ್ತವೆ, ವರ್ಷ ಕೊಡುವುದಿಲ್ಲ. ವರ್ಷ ಸಿಗುವುದು ಬೇರೆ ಕೆಲವರಿಗೆ. ವಿಧವೆಯರಿಗೆ ಮತ್ತು ಅಂಗವಿಕಲರಿಗೆ 10 ವರ್ಷ, ಮಾಜಿ ಸೈನಿಕರಿಗೆ ಸೇನೆಯಲ್ಲಿ ದುಡಿದಷ್ಟು ವರ್ಷದ ಮೇಲೆ 3 ವರ್ಷ. ಇಲ್ಲೂ ಅದೇ ಮಾತು. ಸಡಿಲಿಕೆ ಕೇಳಿದ ಮೇಲೆ ಅದಕ್ಕೆ ತಕ್ಕ ಪ್ರಮಾಣಪತ್ರ ಕೊನೆಯ ದಿನಾಂಕದೊಳಗೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಮಂಜುಳಾಗೆ ಆದದ್ದೇ ಇವರಿಗೂ ಆಗುತ್ತದೆ.

‘ಗ್ರಾಮೀಣ ಹಾಕ್ಲಾ?’

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಸೈಬರ್ ಸೆಂಟರ್‌ನಲ್ಲಿ ಅರ್ಧ ಗಂಟೆ ಕೂತರೆ ಈ ಮಾತು ಕೇಳಿಸುತ್ತದೆ. ಹುಡುಗ ಫಾರಂ ತುಂಬುತ್ತಾ ತಲೆ ಎತ್ತದೆ ಕೇಳುತ್ತಾನೆ: “ಅಕ್ಕಾ, ಗ್ರಾಮೀಣ ಹಾಕ್ಲಾ?” ಪಕ್ಕದಲ್ಲಿ ನಿಂತವರು ಯೋಚನೆ ಮಾಡದೆ ಹೇಳುತ್ತಾರೆ: “ಹಾಕಪ್ಪಾ, ನಮ್ದು ಹಳ್ಳಿನೇ ಅಲ್ವಾ?” ಒಂದು ಕ್ಲಿಕ್. ಮುಗಿಯಿತು.

ಗ್ರಾಮೀಣ ಅಭ್ಯರ್ಥಿ ಅಂದರೆ ಹಳ್ಳಿಯಲ್ಲಿ ಮನೆ ಇರುವವರು ಅಂತ ಅರ್ಥ ಅಲ್ಲ. ಈ ಶೇ 25ರ ಮೀಸಲಾತಿ ಬಂದಿರುವುದು 2000ದ ಗ್ರಾಮೀಣ ಅಭ್ಯರ್ಥಿಗಳ ಕಾಯ್ದೆಯಿಂದ. ಅದರಲ್ಲಿ ಲೆಕ್ಕಕ್ಕೆ ಬರುವುದು ಶಾಲೆ ಎಲ್ಲಿತ್ತು ಅನ್ನೋದು. ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಗರ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿ ಗ್ರಾಮೀಣಕ್ಕೆ ಸೇರುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಇದು ಎಷ್ಟು ಜನರನ್ನು ಮುಟ್ಟುತ್ತದೆ ಅಂತ ಯೋಚಿಸಿ. ಮಂಜುಳಾ ಏಳನೇ ತರಗತಿವರೆಗೆ ಊರಿನ ಶಾಲೆಯಲ್ಲೇ ಓದಿದರು. ಊರಲ್ಲಿ ಹೈಸ್ಕೂಲ್ ಇರಲಿಲ್ಲ. ದಿನಾ ಬಸ್ ಹತ್ತಿ ಗುಡಿಬಂಡೆಯ ಹೈಸ್ಕೂಲ್‌ಗೆ ಹೋಗಿ ಬಂದರು. ಗುಡಿಬಂಡೆ ಎಷ್ಟೇ ಚಿಕ್ಕ ಊರಾದರೂ ಅದು ಪಟ್ಟಣ ಪಂಚಾಯಿತಿ. ಎಂಟು, ಒಂಬತ್ತು, ಹತ್ತನೇ ತರಗತಿ ಅಲ್ಲಿ ಓದಿದ್ದರಿಂದ ಅವರು ಗ್ರಾಮೀಣ ಅಭ್ಯರ್ಥಿ ಆಗುವುದಿಲ್ಲ. ತುಮಕೂರು ಜಿಲ್ಲೆಯ ಗುಬ್ಬಿ, ತುರುವೇಕೆರೆಯ ಸುತ್ತಲಿನ ಹಳ್ಳಿಗಳಿಂದ ಪಟ್ಟಣದ ಹೈಸ್ಕೂಲ್‌ಗೆ ಬಂದವರದ್ದೂ ಇದೇ ಕಥೆ. ಹಳ್ಳಿಯಲ್ಲಿ ಹುಟ್ಟಿ, ಹಳ್ಳಿಯಲ್ಲೇ ಬೆಳೆದು, ಶಾಲೆಗೆ ಅಂತ ಹತ್ತು ಕಿಲೋಮೀಟರ್ ಓಡಾಡಿದ ಮಕ್ಕಳೇ ಈ ಮೀಸಲಾತಿಯಿಂದ ಹೊರಗೆ ಉಳಿಯುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಊರಲ್ಲೇ ಹೈಸ್ಕೂಲ್ ಇದ್ದವರಿಗಿಂತ ಅವರದ್ದೇ ಕಷ್ಟ ಜಾಸ್ತಿ ಇತ್ತು. ಆದರೆ ಕಾಯ್ದೆ ಇರುವುದು ಹೀಗೆ, ಅರ್ಜಿ ತುಂಬುವಾಗ ಅದೇ ನಡೆಯುವುದು.

ಇದನ್ನು ತಿಳಿದುಕೊಳ್ಳುವ ದಾರಿ ಸುಲಭ. ಅರ್ಜಿಯಲ್ಲಿ ಹೌದು ಅಂತ ಒತ್ತುವ ಮೊದಲು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರದ ನಮೂನೆಯನ್ನು ಅಧಿಸೂಚನೆಯ ಅನುಬಂಧದಿಂದ ಪ್ರಿಂಟ್ ತೆಗೆಯಿರಿ. ಓದಿದ ಪ್ರತಿ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಸಹಿ ಹಾಕಿಸಬೇಕು, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲು ರುಜು ಆಗಬೇಕು. ಎರಡು ಶಾಲೆ ಆದರೆ ಎರಡು ಕಡೆ. ಒಂದು ಶಾಲೆ ಮುಚ್ಚಿಹೋಗಿದ್ದರೆ ಅದರ ದಾಖಲೆ ಯಾವ ಶಾಲೆಗೆ ಹೋಗಿದೆ ಅಂತ ಬಿಇಒ ಕಚೇರಿಯಲ್ಲಿ ವಿಚಾರಿಸಬೇಕು. ಇದಕ್ಕೆ ದಿನ ಹಿಡಿಯುತ್ತದೆ. ಅಧಿಸೂಚನೆ ಬರುವುದು ಶಾಲೆಗೆ ಬೇಸಿಗೆ ರಜೆ ಇರುವ ಏಪ್ರಿಲ್, ಮೇನಲ್ಲಾದರೆ ಹೆಡ್‌ಮಾಸ್ಟರ್ ಸಿಗುವುದೇ ಕಷ್ಟ.

ಸಾಮಾನ್ಯ ಅರ್ಹತೆಯಲ್ಲಿ ಗ್ರಾಮೀಣ ಕೇಳುವವರಿಗೆ ಇನ್ನೊಂದು ಕಾಗದ ಬೇಕು. ಮೇಲುಸ್ತರಕ್ಕೆ ಸೇರಿಲ್ಲ ಅಂತ ತಹಶೀಲ್ದಾರರು ಕೊಡುವ ನಮೂನೆ-1. ಶಾಲೆಯಲ್ಲಿ ಮಾಡಿಸಿದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಅಂದರೆ ನಮೂನೆ-2 ಇದೆ, ಸಾಕು ಅಂದುಕೊಂಡು ಇದನ್ನು ಬಿಟ್ಟವರು ಗ್ರಾಮೀಣ ಪಾಲನ್ನು ಕಳೆದುಕೊಳ್ಳುತ್ತಾರೆ. ಮೀಸಲು ವರ್ಗದವರಿಗೆ ಜಾತಿ ಪ್ರಮಾಣಪತ್ರ ಬೇರೆ ಇರುವುದರಿಂದ ಈ ನಮೂನೆ-1 ಬೇಕಾಗುವುದಿಲ್ಲ.

ಗ್ರಾಮೀಣ ಹೋದರೂ ಮಂಜುಳಾಗೆ ಕನ್ನಡ ಮಾಧ್ಯಮ ಉಳಿಯುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ಕೋಲಾರ, ಚಿಕ್ಕಬಳ್ಳಾಪುರದ ಗಡಿ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರು ‘ನಮಗೆ ಇದು ಬರುತ್ತದಾ?’ ಅಂತ ಹಿಂಜರಿಯುತ್ತಾರೆ. ಮನೆಮಾತಿಗೂ ಇದಕ್ಕೂ ಸಂಬಂಧ ಇಲ್ಲ. ಗಣಿತ, ವಿಜ್ಞಾನ, ಸಮಾಜ ಯಾವ ಭಾಷೆಯಲ್ಲಿ ಓದಿದಿರಿ ಅನ್ನೋದೇ ಮುಖ್ಯ. ಹೈಸ್ಕೂಲ್‌ನಲ್ಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್‌ಗೆ ಸೇರಿದ್ದರೆ ಮಾತ್ರ ಕೈತಪ್ಪುತ್ತದೆ.

ಪದವಿ ಯಾವತ್ತು ಬಂತು

ಇದು ಚಿಕ್ಕ ವಿಷಯ, ಆದರೆ ಹೊಸದಾಗಿ ಡಿಗ್ರಿ ಮುಗಿಸಿದವರಿಗೆ ಮುಖ್ಯ. ಕೊನೆಯ ದಿನಾಂಕಕ್ಕೆ ವಿದ್ಯಾರ್ಹತೆ ಹೊಂದಿರಬೇಕು ಅಂದರೆ ಆ ದಿನದೊಳಗೆ ಫಲಿತಾಂಶ ಬಂದಿರಬೇಕು. ತುಮಕೂರು ವಿಶ್ವವಿದ್ಯಾಲಯದಲ್ಲೋ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲೋ ಕೊನೆಯ ಸೆಮಿಸ್ಟರ್ ಪರೀಕ್ಷೆ ಜೂನ್‌ನಲ್ಲಿ ಬರೆದು, ಫಲಿತಾಂಶ ಜುಲೈ 15ಕ್ಕೆ ಬಂದರೆ ಜುಲೈ 10ರ ಅಧಿಸೂಚನೆಗೆ ನೀವು ಪದವೀಧರರಲ್ಲ. ಪರೀಕ್ಷೆ ಬರೆದಾಗಿತ್ತು ಅನ್ನೋದು ಉತ್ತರ ಆಗುವುದಿಲ್ಲ. ಕೆಲವು ನೇಮಕಾತಿಗಳಲ್ಲಿ ಅಂತಿಮ ವರ್ಷದವರಿಗೂ ಅವಕಾಶ ಇರುತ್ತದೆ, ಇದ್ದರೆ ಅಧಿಸೂಚನೆಯೇ ಅದನ್ನು ಬರೆದಿರುತ್ತದೆ. ಬರೆದಿಲ್ಲ ಅಂದರೆ ಇಲ್ಲ. ಹಾಗೇ ‘ತತ್ಸಮಾನ’ ಅಂತ ಇರುವ ಕಡೆ ಡಿಪ್ಲೊಮಾ, ಮುಕ್ತ ಶಾಲೆಯವರು ತಮ್ಮ ಕೋರ್ಸಿನ ಹೆಸರು ಆ ಪಟ್ಟಿಯಲ್ಲಿ ಇದೆಯಾ ಅಂತ ಅಕ್ಷರಕ್ಕೆ ಅಕ್ಷರ ನೋಡಬೇಕು.

ಕೇಂದ್ರದ ಹುದ್ದೆಗೆ ಹಾಕುವಾಗ

ರೈಲ್ವೆ, ಎಸ್‌ಎಸ್‌ಸಿ, ಬ್ಯಾಂಕ್‌ಗೂ ಇದೇ ಕೈಯಲ್ಲಿ ಅರ್ಜಿ ಹಾಕುವವರು ನಮ್ಮಲ್ಲಿ ಬಹಳ. ಅಲ್ಲಿ ಲೆಕ್ಕವೇ ಬೇರೆ. ವಯಸ್ಸಿಗೆ ಕೊನೆಯ ದಿನಾಂಕ ಹಿಡಿಯದೆ ಜನವರಿ 1 ಅಥವಾ ಆಗಸ್ಟ್ 1ರಂಥ ಒಂದು ದಿನ ನಿಗದಿ ಮಾಡಿರುತ್ತಾರೆ, ಯಾವ ದಿನದಿಂದ ಯಾವ ದಿನದೊಳಗೆ ಹುಟ್ಟಿರಬೇಕು ಅಂತಲೂ ಕೊಟ್ಟಿರುತ್ತಾರೆ. ಸಡಿಲಿಕೆ ಒಬಿಸಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ. ರಾಜ್ಯದಲ್ಲಿ ಪರಿಶಿಷ್ಟರ ಜೊತೆಗೇ ಸಡಿಲಿಕೆ ಪಡೆಯುವ ಪ್ರವರ್ಗ-1ರವರು ಅಲ್ಲಿ ಒಬಿಸಿ ಆಗುತ್ತಾರೆ.

ರಾಜ್ಯದ ನಮೂನೆ-ಎಫ್ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯಲ್ಲೇ ಒಬಿಸಿ ಪ್ರಮಾಣಪತ್ರ ಬೇಕು, ಅದಕ್ಕೂ ನಾಡಕಚೇರಿಯಲ್ಲೇ ಅರ್ಜಿ. ನಿಮ್ಮ ಜಾತಿ ರಾಜ್ಯದ ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರಬೇಕು ಅಂತಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ. ಐದು ವರ್ಷದ ಭರವಸೆಯೂ ಅಲ್ಲಿಲ್ಲ. ಯಾವ ಅವಧಿಯಲ್ಲಿ ಪಡೆದಿರಬೇಕು ಅಂತ ಪ್ರತಿ ಅಧಿಸೂಚನೆ ತಾನೇ ಹೇಳುತ್ತದೆ.

ದಿನಾಂಕ ಮುಂದೆ ಹೋದರೆ

ಸರ್ವರ್ ತೊಂದರೆ ಅಂತಲೋ ಅಭ್ಯರ್ಥಿಗಳು ಕೇಳಿಕೊಂಡರು ಅಂತಲೋ ಕೊನೆಯ ದಿನಾಂಕವನ್ನು ಮುಂದೆ ಹಾಕುವುದುಂಟು. ಎಲ್ಲರೂ ಖುಷಿಪಡುತ್ತಾರೆ. ಆದರೆ ವಯಸ್ಸು, ವಿದ್ಯಾರ್ಹತೆ, ಪ್ರಮಾಣಪತ್ರ ಮೂರೂ ಕೊನೆಯ ದಿನಾಂಕಕ್ಕೆ ಕಟ್ಟಿಕೊಂಡಿರುವಾಗ ಆ ದಿನ ಜರುಗಿದರೆ ಅವೂ ಜರುಗುತ್ತವಾ? ಇದಕ್ಕೆ ಒಂದೇ ಉತ್ತರ ಇಲ್ಲ. ತಿದ್ದುಪಡಿ ಅಧಿಸೂಚನೆಯಲ್ಲಿ ‘ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ’ ಅಂತ ಇದೆಯಾ, ಅರ್ಹತೆಯನ್ನು ಹಳೆಯ ದಿನಾಂಕಕ್ಕೇ ನೋಡುತ್ತೇವೆ ಅಂತ ಇದೆಯಾ, ಹೊಸ ದಿನಾಂಕಕ್ಕೆ ಅಂತ ಇದೆಯಾ ಓದಬೇಕು. ಹೊಸ ದಿನಾಂಕಕ್ಕೆ ಅಂತ ಆದರೆ ಜುಲೈ 15ಕ್ಕೆ ಡಿಗ್ರಿ ಫಲಿತಾಂಶ ಬಂದ ಹುಡುಗ ಒಳಗೆ ಬರುತ್ತಾನೆ. ಜುಲೈ 20ಕ್ಕೆ 41 ತುಂಬಿ ಮಿತಿ ದಾಟುವವರು ಹೊರಗೆ ಹೋಗಬಹುದು. ಜುಲೈ 18ಕ್ಕೆ ಅವಧಿ ಮುಗಿಯುವ ನಮೂನೆ-ಎಫ್ ಇಟ್ಟುಕೊಂಡು ನಿಶ್ಚಿಂತೆಯಿಂದ ಇದ್ದವರಿಗೆ ಹೊಸದು ಬೇಕಾಗುತ್ತದೆ.

ಶುಲ್ಕ ಕಟ್ಟುವ ಕೊನೆಯ ದಿನವನ್ನು ಬೇರೆಯಾಗಿ ಕೊಟ್ಟಿರುತ್ತಾರಾ ಅದನ್ನೂ ನೋಡಿ. ಹಣ ಖಾತೆಯಿಂದ ಕಡಿತ ಆದ ಮಾತ್ರಕ್ಕೆ ಅರ್ಜಿ ಪೂರ್ತಿ ಆಗುವುದಿಲ್ಲ, ಅರ್ಜಿಯ ಸ್ಥಿತಿಯಲ್ಲಿ ಶುಲ್ಕ ಪಾವತಿ ಆಗಿದೆ ಅಂತ ಕಾಣಬೇಕು. ಕೊನೆ ಸಂಜೆ ಕಟ್ಟಿ, ಹಣ ಹೋಗಿ, ಸ್ಥಿತಿ ಬದಲಾಗದೆ ನಿಂತರೆ ಸರಿಪಡಿಸಲು ಸಮಯವೇ ಉಳಿಯುವುದಿಲ್ಲ. ಪ್ರಮಾಣಪತ್ರ ಬರುವ ತನಕ ಕಾಯಬೇಕು ಅಂತ ಮೇಲೆ ಹೇಳಿದ್ದು ನಿಜ, ಆದರೆ ಅದು ಬಂದ ಮೇಲೂ ಕೊನೆಯ ದಿನದ ತನಕ ತಳ್ಳಬೇಡಿ. ಮಂಜುಳಾ ಜೂನ್ 8ಕ್ಕೆ ನಾಡಕಚೇರಿಗೆ ಹೋಗಿದ್ದರೆ ಜುಲೈ ಮೊದಲ ವಾರದಲ್ಲಿ ಹೊಸ ಪ್ರಮಾಣಪತ್ರ ಕೈಗೆ ಬಂದು, ಅದೇ ವಾರ ಅರ್ಜಿ ಹಾಕಿ, ಶುಲ್ಕದ ಸ್ಥಿತಿ ನೋಡಿಕೊಳ್ಳಲು ಮೂರ್ನಾಲ್ಕು ದಿನ ಉಳಿಯುತ್ತಿತ್ತು.